ಗ್ಯಾಸ್ಕೆಟ್ಟಿಗೆ ಬಿದ್ದ ಸುಂಕ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಪೀಣ್ಯದ ಒಂದು ತಗಡಿನ ಶೆಡ್ಡಿನಲ್ಲಿ ನಾವು ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ಮಾಡುತ್ತಿದ್ದೆವು. ನಮ್ಮ ಯಜಮಾನರು ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯ ಕೆಲಸ ಬಿಟ್ಟು ಬಂದು ಹಾಕಿದ ಶೆಡ್ಡು ಅದು. ರಬ್ಬರನ್ನು ನುರಿಯುವ ಒಂದು ಮಿಲ್ಲು, ಎರಡು ಬಿಸಿ ಪ್ರೆಸ್ಸು, ಮೂವರು ಕೆಲಸಗಾರರು, ಪ್ಯಾಕಿಂಗಿಗೆ ಮತ್ತು ಜಗಳಕ್ಕೆ ನಾನು. ಜಗಳಕ್ಕೆ ಅಂತ ಯಾರೂ ನೇಮಿಸಿರಲಿಲ್ಲ, ನಾನೇ ವಹಿಸಿಕೊಂಡಿದ್ದೆ.

ನಾವು ಅಂಗಡಿಗೆ ಮಾರುತ್ತಿರಲಿಲ್ಲ. ಊರೊಳಗಿನ ಒಂದು ಕುಕ್ಕರ್ ಕಂಪನಿಗೆ ಕೊಡುತ್ತಿದ್ದೆವು. ಅವರು ತಮ್ಮ ಹೆಸರಿನ ಪ್ಯಾಕೆಟ್ಟಿಗೆ ಹಾಕಿ ಮಾರುತ್ತಿದ್ದರು. ಅದೇ ಕಂಪನಿಗೆ ಪಕ್ಕದ ಶೆಡ್ಡಿನವರೂ ಕೊಡುತ್ತಿದ್ದರು. ಒಬ್ಬರೇ ಇದ್ದರೆ ಕೊಬ್ಬುತ್ತಾರೆ ಎಂದು ಕಂಪನಿಯವರು ಯಾವ ಮಾಲಿಗಾದರೂ ಇಬ್ಬರನ್ನು ಇಟ್ಟುಕೊಳ್ಳುತ್ತಿದ್ದರು. ಪಕ್ಕದ ಶೆಡ್ಡಿನವರು ನಮ್ಮ ಯಜಮಾನರ ಜೊತೆಯಲ್ಲೇ ಜಾಲಹಳ್ಳಿಯಲ್ಲಿ ಕೆಲಸ ಮಾಡಿದವರು. ನಾನು ಅವರನ್ನು ಅಣ್ಣ ಎಂದು ಕರೆಯುತ್ತಿದ್ದೆ. ಬೆಳಿಗ್ಗೆ ಅವರ ಶೆಡ್ಡಿನ ಟೀ ನಮಗೆ, ಸಂಜೆ ನಮ್ಮ ಟೀ ಅವರಿಗೆ. ಒಂದೇ ವ್ಯತ್ಯಾಸವೆಂದರೆ ಅವರು ಫಾರಿನ್ ರಬ್ಬರ್ ಹಾಕುತ್ತಿದ್ದರು, ನಾವು ನಮ್ಮ ದೇಶದ ರಬ್ಬರ್ ಹಾಕುತ್ತಿದ್ದೆವು. ನಮ್ಮ ಇವರಿಗೆ, ಅಂದರೆ ಯಜಮಾನರಿಗೆ, ಆ ವಿಷಯದಲ್ಲಿ ಸ್ವಲ್ಪ ಮೀಸೆ ಜಾಸ್ತಿ. "ಈ ಮಣ್ಣಲ್ಲಿ ಮಾಡಿದ ರಬ್ಬರ್‌ಗೆ ಏನು ಕಮ್ಮಿ ಆಗಿದೆ?" ಎಂದು ಆಗಾಗ ಕೇಳುತ್ತಿದ್ದರು, ಯಾರೂ ಕಮ್ಮಿ ಅಂದಿರದಿದ್ದರೂ.

ಆ ವರ್ಷದ ಬಜೆಟ್ ರೇಡಿಯೋದಲ್ಲಿ ಬಂತು. ಹೊರದೇಶದಿಂದ ತರಿಸುವ ಆ ಜಾತಿಯ ರಬ್ಬರಿನ ಮೇಲೆ ಸುಂಕ ಏರಿಸಿದ್ದರು, ದೇಶದ ಕಾರ್ಖಾನೆ ಉಳಿಯಲಿ ಅಂತ. ಮಾರನೇ ದಿನ ಬೆಳಿಗ್ಗೆ ಇವರು ಸೈಕಲ್ ಹೊಡೆದುಕೊಂಡು ಹೋಗಿ ಮೈಸೂರ್ ಪಾಕ್ ತಂದರು. ಎಲ್ಲರಿಗೂ ಹಂಚಿದರು, ಪಕ್ಕದ ಶೆಡ್ಡಿಗೂ ಹೋಗಿ ಕೊಟ್ಟರು. ಅವರ ಕಷ್ಟಕ್ಕೆ ಇವರ ಸಿಹಿ! ನನಗೆ ನಾಚಿಕೆಯಾಯಿತು. ಆದರೆ ಅಣ್ಣ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಕಾರಣ ಏನಾದ್ರಾಗ್ಲಿ ಗುರು, ತುಪ್ಪ ಚೆನ್ನಾಗಿದೆ," ಎಂದರು.

"ಫಾರಿನ್ ತಗೊಳ್ಳೋರಿಗೆ ಸುಂಕ. ನಾವು ಫಾರಿನ್ ತಗೊಳ್ಳಲ್ಲ. ನಮಗೇನು?" ಎಂದರು ಇವರು. ಮಾತು ನನಗೂ ಸರಿ ಎನಿಸಿತು. ಅಷ್ಟು ನೇರವಾದ ಲೆಕ್ಕದಲ್ಲಿ ತಪ್ಪು ಹುಡುಕುವಷ್ಟು ಬುದ್ಧಿ ನನಗೆ ಇರಲಿಲ್ಲ, ಈಗಲೂ ಇದೆಯೋ ಇಲ್ಲವೋ.

ಮಾರ್ಚಿನಲ್ಲಿ ಕುಕ್ಕರ್ ಕಂಪನಿಯವರು ಇಡೀ ವರ್ಷಕ್ಕೆ ಒಂದು ರೇಟು ಕೇಳುತ್ತಿದ್ದರು. ಆ ರೇಟು ಮುಂದಿನ ಮಾರ್ಚಿನವರೆಗೆ ಅಲ್ಲಾಡುವಂತಿಲ್ಲ. ಇವರು ಹೋಗಿ ಎದೆ ಉಬ್ಬಿಸಿ ಹಳೆಯ ರೇಟನ್ನೇ ಬರೆದು ಬಂದರು. ಕಂಪನಿಯವರಿಗೆ ಸಂತೋಷವಾಗಿ, ಅರ್ಧ ಇದ್ದ ನಮ್ಮ ಪಾಲನ್ನು ಮುಕ್ಕಾಲು ಮಾಡಿದರು. ಸುಂಕ ಬೇರೆ ಎಂದು ಬರೆದಿದ್ದ ಅಣ್ಣನಿಗೆ ಕಾಲು ಉಳಿಯಿತು. ಆ ಸಂಜೆ ನಮ್ಮ ಟೀ ಕುಡಿಯಲು ಅವರು ಬರಲಿಲ್ಲ.

ಆರ್ಡರ್ ಜಾಸ್ತಿಯಾಗಿದ್ದರಿಂದ ಕೈ ಸಾಲದೆ ಒಬ್ಬಳನ್ನು ಸೇರಿಸಿಕೊಂಡೆವು. ದಾಸರಹಳ್ಳಿಯವಳು, ಹಳೇ ಊರಿನವಳೇ. ಅವಳ ಮಾವನ ಹೊಲ ಇದ್ದ ಜಾಗದಲ್ಲಿ ಈಗ ಯಾರದೋ ಬೋಲ್ಟು ಕಾರ್ಖಾನೆ. ಮನೆಯಲ್ಲಿ ಕೂತು ಊದಿನಕಡ್ಡಿ ಹೊಸೆಯುತ್ತಿದ್ದವಳನ್ನು ನಾನೇ ಮಾತಾಡಿಸಿ ಕರೆದುಕೊಂಡು ಬಂದೆ. ಪ್ರೆಸ್ಸಿನಿಂದ ಹೊರಬಂದ ಗ್ಯಾಸ್ಕೆಟ್ಟಿನ ಅಂಚಿಗೆ ತೆಳ್ಳಗೆ ರಬ್ಬರ್ ಅಂಟಿಕೊಂಡಿರುತ್ತದೆ, ದೋಸೆಯ ಅಂಚಿನ ಹಾಗೆ. ಅದನ್ನು ಬ್ಲೇಡಿನಿಂದ ಕತ್ತರಿಸುವುದು ಅವಳ ಕೆಲಸ. ಹೆಚ್ಚು ಕತ್ತರಿಸಿದರೆ ಕುಕ್ಕರ್ ಉಸಿರು ಬಿಡುತ್ತದೆ, ಕಮ್ಮಿ ಕತ್ತರಿಸಿದರೆ ಮುಚ್ಚಳ ಕೂರುವುದಿಲ್ಲ.

ಮೊದಲ ತಿಂಗಳ ಸಂಬಳದಲ್ಲಿ ಅವಳು ಒಂದು ಪಾತ್ರೆ ಚೀಟಿಗೆ ಸೇರಿದಳು. ಮೊದಲ ಸಲವೇ ಅವಳ ಹೆಸರು ಎದ್ದು, ಕುಕ್ಕರ್ ಮನೆಗೆ ಬಂತು. "ಅಕ್ಕಾ, ಮೊನ್ನೆ ಸೀಟಿ ಹೊಡೀತು ನೋಡಿ, ನಮ್ಮತ್ತೆ ಆಚೆ ಓಡ್‌ಬಿಟ್ರು," ಎಂದು ಹೇಳಿ ನಗುತ್ತಾ ನಗುತ್ತಾ ಬ್ಲೇಡ್ ಕೆಳಗಿಟ್ಟಳು. ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಚೀಟಿಯ ಕಂತು ಇನ್ನೂ ಬಹಳ ತಿಂಗಳು ಕಟ್ಟಬೇಕಿತ್ತು. ಅವಳ ಕೆಲಸ ನಿಂತಿದ್ದು ಆ ಹಳೆಯ ರೇಟಿನ ಮೇಲೆ. ಅದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ಮೇ ತಿಂಗಳಲ್ಲಿ ರಬ್ಬರ್ ತರಲು ಪೇಟೆಗೆ ಹೋದ ಇವರು ಬರಿಗೈಯಲ್ಲಿ ವಾಪಸು ಬಂದರು. ಮುಖ ನೋಡಿದರೆ ಯಾರೋ ಸತ್ತ ಸುದ್ದಿ ತಂದವರ ಹಾಗಿತ್ತು.

"ಏನ್ರೀ?"

"ರೇಟು ಏರ್ಸಿದಾರೆ."

"ಫಾರಿನ್ನಿಗಾ?"

"ಅದಕ್ಕೂ. ನಮ್ಮದಕ್ಕೂ."

"ನಮ್ಮದಕ್ಕೆ ಯಾಕೆ? ನಮ್ಮದು ಹಡಗಲ್ಲಿ ಬರುತ್ತಾ?"

"ನನ್ನ ಕೇಳ್ಬೇಡ ಕಣೇ, ನೀನೇ ಹೋಗಿ ಕೇಳು," ಎಂದು ಮಿಲ್ಲಿನ ಹತ್ತಿರ ಹೋದರು.

ನಾನು ಹೋಗಿ ಕೇಳಿದೆ. ಪೇಟೆಯ ಆ ಡೀಲರು ಎರಡೂ ಜಾತಿಯ ರಬ್ಬರ್ ಇಟ್ಟಿದ್ದ ಮನುಷ್ಯ. ಫಾರಿನ್ನಿನದನ್ನು ಹಡಗಿನಲ್ಲಿ ತಾನೇ ತರಿಸುತ್ತಿದ್ದ, ದೇಶದ್ದಕ್ಕೆ ಏಜೆಂಟನಾಗಿದ್ದ. ನನ್ನ ಕೋಪವನ್ನು ಪೂರ್ತಿ ಕೇಳಿಸಿಕೊಂಡು, ಒಂದು ಸೋಡಾ ತರಿಸಿಕೊಟ್ಟ.

"ನೋಡಿಮ್ಮಾ, ಫಾರಿನ್ ಮಾಲು ಕೆಳಗಿದ್ದಾಗ ನಮ್ಮ ದೇಶದ ರಬ್ಬರ್ ಕಂಪನಿಯವ್ರು ಅದರ ಭಯಕ್ಕೆ ಕೆಳಗಿದ್ರು. ಈಗ ಸುಂಕ ಬಿದ್ದು ಅದು ಮೇಲೆ ಹೋಯ್ತು. ಇವ್ರು ಯಾಕೆ ಕೆಳಗೇ ಕೂತಿರ್ತಾರೆ? ಅದಕ್ಕಿಂತ ಒಂಚೂರು ಕಮ್ಮಿ ಇಟ್ರೆ ಸಾಕು, ನೀವು ಇವರ ಹತ್ರಾನೇ ಬರ್ತೀರ."

"ಹಾಗಾದ್ರೆ ನಾವು ಜಾಸ್ತಿ ಕೊಡೋ ದುಡ್ಡು ಸರ್ಕಾರಕ್ಕೆ ಹೋಗುತ್ತಾ?"

"ಅದ್ಯಾಕೆ ಹೋಗುತ್ತೆ? ನಿಮ್ಮದು ಸುಂಕ ಇಲ್ದಿರೋ ಮಾಲಲ್ವಾ. ಅದು ರಬ್ಬರ್ ಕಂಪನಿಗೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಕಥೆ. ಸುಂಕವೇ ಇಲ್ಲದ ಮಾಲಿಗೆ ನಾವು ಸುಂಕದಷ್ಟೇ ದುಡ್ಡು ಕೊಡಬೇಕು, ಅದು ಸರ್ಕಾರಕ್ಕೂ ಸೇರುವುದಿಲ್ಲ! ಈ ಮನುಷ್ಯನಾದರೂ ಲಾಭ ಹೊಡೆಯುತ್ತಿರಬೇಕು ಎಂದು ಅವನ ಮೇಲೆ ತಿರುಗಿದೆ. "ನೀವು ಆರಾಮಾಗಿದ್ದೀರ ಬಿಡಿ," ಎಂದೆ.

"ಎಲ್ಲಿಯ ಆರಾಮು? ಬಂದರಿನಲ್ಲಿ ಸುಂಕ ಕಟ್ಟೋನು ನಾನು. ಪೂರ್ತಿ ರೇಟಿಗೆ ಹಾಕಿದ್ರೆ ಫಾರಿನ್ ಮಾಲು ಯಾರೂ ಮುಟ್ಟಲ್ಲ. ಅದಕ್ಕೇ ಒಂದು ಪಾಲು ನನ್ನ ಹೊಟ್ಟೇಗೆ ಹಾಕ್ಕೊಂಡಿದ್ದೀನಿ. ಆಚೆ ದೇಶದೋನ ಹತ್ರ ಜಗಳ ಆಡಿ ಅವನ್ನೂ ಒಂಚೂರು ಇಳಿಸಿದ್ದೀನಿ. ಉಳಿದಿದ್ದು ಮಾತ್ರ ನಿಮ್ಮಂಥೋರ ಮೇಲೆ."

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ತಲೆ ಮೊಸರುಗಡಿಗೆಯಾಗಿತ್ತು. ಸುಂಕ ಕಟ್ಟುವವನು ಒಬ್ಬ. ಅವನು ಅದನ್ನು ಪೂರ್ತಿ ವಸೂಲಿ ಮಾಡುತ್ತಿಲ್ಲ. ಕಟ್ಟದೇ ಇರುವ ರಬ್ಬರ್ ಕಂಪನಿ ವಸೂಲಿ ಮಾಡುತ್ತಿದೆ. ಸುಂಕವೇ ಇಲ್ಲದವರು ನಾವು ಕೊಡುತ್ತಿದ್ದೇವೆ. ಇದನ್ನು ಯಾರಿಗಾದರೂ ಹೇಳಿದರೆ ನನಗೆ ಬಿಸಿಲು ಬಡಿದಿದೆ ಅನ್ನುತ್ತಿದ್ದರು. ಯಶವಂತಪುರ ದಾಟುವವರೆಗೆ ಬೆರಳು ಮಡಿಸಿ ಮಡಿಸಿ ಲೆಕ್ಕ ಹಾಕಿದೆ, ಪ್ರತಿ ಸಲವೂ ಬೇರೆಯವರೇ ಕಟ್ಟಿದ ಹಾಗೆ ಬಂತು.

ರೇಟು ಹಳೆಯದು, ರಬ್ಬರ್ ಹೊಸ ಬೆಲೆ. ಪ್ರೆಸ್ಸು ಒಂದು ಸಲ ಬಾಯಿ ತೆರೆದರೆ ಒಂದಷ್ಟು ನಷ್ಟ ಹೊರಗೆ ಬೀಳುತ್ತಿತ್ತು. ಮಾಲು ಕೊಡುವುದನ್ನು ನಿಲ್ಲಿಸುವಂತೆಯೂ ಇರಲಿಲ್ಲ, ನಿಲ್ಲಿಸಿದರೆ ಮುಂದಿನ ವರ್ಷ ಕಂಪನಿಯ ಬಾಗಿಲು ಮುಚ್ಚಿದ ಹಾಗೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಇವರು ಕುಕ್ಕರ್ ಕಂಪನಿಯೊಡನೆ ಮಾಡಿಕೊಂಡ ಕರಾರನ್ನು ಹೊರತೆಗೆದು ಓದಿದರು. ಅದರಲ್ಲಿ ಒಂದು ಷರತ್ತು ಇತ್ತು: ಬಜೆಟ್ಟಿನಲ್ಲಿ ಸರ್ಕಾರದ ಸುಂಕ ಏರಿದ್ದರೆ, ಕಟ್ಟಿದ್ದಕ್ಕೆ ಪುರಾವೆ ತೋರಿಸಿದರೆ, ರೇಟನ್ನು ಅಷ್ಟರಮಟ್ಟಿಗೆ ಏರಿಸಿಕೊಡುತ್ತೇವೆ. ಇವರಿಗೆ ಜೀವ ಬಂತು. ಶರ್ಟು ಇಸ್ತ್ರಿ ಮಾಡಿಸಿಕೊಂಡು ಹೊರಟರು. ಇವರ ಬಾಯಿ ಮೇಲೆ ನಂಬಿಕೆ ಇಲ್ಲದೆ ನಾನೂ ಹೊರಟೆ.

ಕಂಪನಿಯ ಪರ್ಚೇಸ್ ಆಫೀಸರು ಕೆಟ್ಟವರಲ್ಲ. ಕೂರಿಸಿ ಕಾಫಿ ಕೊಟ್ಟರು.

"ಸುಂಕ ಕಟ್ಟಿರೋ ರಸೀದಿ ನಕಲು ಕೊಡಿ, ಈವತ್ತೇ ಮಾಡ್ಕೊಡ್ತೀನಿ," ಎಂದರು.

"ಸಾರ್, ನಮ್ಮದು ದೇಶದ ರಬ್ಬರು," ಎಂದರು ಇವರು.

"ಹಾಗಾದ್ರೆ ನಿಮಗೆ ಸುಂಕ ಇಲ್ಲ."

"ಸುಂಕ ಇಲ್ಲ ಸಾರ್. ಆದ್ರೆ ಸುಂಕದಿಂದಾನೇ ಏರಿದೆ."

"ಯಾವ ಕಾಗದದಲ್ಲಿ ಹಾಗಂತ ಇದೆ?"

ಯಾವ ಕಾಗದದಲ್ಲೂ ಇರಲಿಲ್ಲ. ಡೀಲರನ ಬಿಲ್ಲಿನಲ್ಲಿ ರಬ್ಬರ್, ಇಷ್ಟು ಕಿಲೋ, ಇಷ್ಟು ರೂಪಾಯಿ ಎಂದಿತ್ತು ಅಷ್ಟೆ. "ರಬ್ಬರ್ ಕಂಪನಿ ರೇಟು ಏರ್ಸಿದ್ದು ನಿಮ್ಮ ಡೀಲರ್ ವಿಷಯ. ಸರ್ಕಾರ ಏರ್ಸಿದ್ರೆ ಮಾತ್ರ ನಮ್ಮ ವಿಷಯ. ಆಡಿಟ್‌ನೋರು ನನ್ನ ಸುಮ್ನೆ ಬಿಡ್ತಾರಾ?" ಎಂದರು ಆಫೀಸರು. "ಪಕ್ಕದ ಶೆಡ್ಡಿನೋರು ಕೊಟ್ರು, ಅವರಿಗೆ ಆಗಲೇ ಏರ್ಸಿದ್ದೀವಿ."

ಹೊರಗೆ ಬಂದು ಇವರು ಕರಾರನ್ನು ಮಡಿಸಿ ಜೇಬಿಗೆ ತುರುಕಿದರು. ನನಗೆ ಕೋಪ ಯಾರ ಮೇಲೆ ಮಾಡಿಕೊಳ್ಳಬೇಕೆಂದು ತಿಳಿಯದೆ ಬಸ್ ಕಂಡಕ್ಟರನ ಮೇಲೆ ಮಾಡಿಕೊಂಡೆ.

ಸಂಜೆ ನಾಚಿಕೆ ಬಿಟ್ಟು ಅಣ್ಣನ ಶೆಡ್ಡಿಗೆ ಹೋದೆ. ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಹೇಳ್ತೀನಿ ಕೇಳಮ್ಮ, ನಗಬೇಡ. ಡೀಲರ್ ಬಂದರಲ್ಲಿ ಕಟ್ಟಿರೋ ರಸೀದಿ ನಕಲಲ್ಲಿ ಇರೋದು ಪೂರ್ತಿ ಸುಂಕ. ಕಂಪನಿಯೋರು ಪೂರ್ತಿ ಕೊಟ್ರು. ಡೀಲರ್ ನನ್ನ ಹತ್ರ ತಗೊಂಡಿದ್ದು ಅದಕ್ಕಿಂತ ಕಮ್ಮಿ. ಸುಂಕ ಬಿದ್ದಿದ್ದು ನನ್ನ ಮಾಲಿಗೆ, ನನಗೇ ಒಂಚೂರು ಉಳೀತು!"

"ಅಣ್ಣಾ, ನಿಮಗೆ ಸುಂಕ ಬಿತ್ತು ಅಂತ ನಾವು ಮೈಸೂರ್ ಪಾಕ್ ಹಂಚಿದ್ವಿ."

"ಅದಕ್ಕೇ ಹೇಳಿದ್ದು, ತುಪ್ಪ ಚೆನ್ನಾಗಿತ್ತು," ಎಂದು ನಕ್ಕರು. ನಾನೂ ನಕ್ಕೆ. ಆದರೆ ಇನ್ನು ಯಾರಾದರೂ ಒಬ್ಬರನ್ನು ಬಿಡಿಸಲೇಬೇಕಿತ್ತು. ನಮ್ಮ ಶೆಡ್ಡಿನಲ್ಲಿ ಕೊನೆಗೆ ಸೇರಿದವಳು ಯಾರು ಎಂಬುದು ನನಗೆ ಗೊತ್ತಿತ್ತು.

ಮಿಲ್ಲಿನವನನ್ನು ಬಿಡಿಸಿದರೆ ಮಿಲ್ಲು ನಿಲ್ಲುತ್ತದೆ, ಪ್ರೆಸ್ಸಿನವರನ್ನು ಬಿಡಿಸಿದರೆ ಪ್ರೆಸ್ಸು ನಿಲ್ಲುತ್ತದೆ. ಅಂಚು ಕತ್ತರಿಸುವುದನ್ನು ನಾನೇ ಮಾಡಬಹುದಿತ್ತು. ಆಗಸ್ಟಿನಲ್ಲಿ ಅವಳಿಗೆ ಹೇಳಬೇಕಾಗಿ ಬಂತು. ಇವರು ಹೇಳುತ್ತೇನೆ ಎಂದು ಹೋದವರು ಪ್ರೆಸ್ಸಿಗೆ ಎಣ್ಣೆ ಬಿಡುತ್ತಾ ನಿಂತುಬಿಟ್ಟರು. ನಾನೇ ಹೇಳಿದೆ.

"ನಾನೇನಾದ್ರೂ ತಪ್ಪು ಕತ್ತರಿಸ್ದೆನಾ ಅಕ್ಕಾ?" ಎಂದು ಕೇಳಿದಳು.

"ಇಲ್ಲ ಕಣೇ. ರಬ್ಬರ್ ರೇಟು ಜಾಸ್ತಿ ಆಗಿದೆ. ಸುಂಕ ಹಾಕಿದಾರೆ."

"ನಮ್ಮ ರಬ್ಬರ್‌ಗಾ?"

"ನಮ್ಮದಕ್ಕಲ್ಲ. ಪಕ್ಕದವರದಕ್ಕೆ."

ಅವಳು ಪಕ್ಕದ ಶೆಡ್ಡಿನ ಕಡೆ ನೋಡಿದಳು. ಅಲ್ಲಿ ಎಂದಿನ ಹಾಗೆ ಕೆಲಸ ನಡೆಯುತ್ತಿತ್ತು, ಯಾರನ್ನೂ ಬಿಡಿಸಿರಲಿಲ್ಲ. ಮತ್ತೆ ನನ್ನ ಕಡೆ ನೋಡಿದಳು. ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ನಾನು ಹೇಳಿದ್ದು ಅಕ್ಷರಶಃ ನಿಜ, ಆದರೆ ಅದು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. "ಅಂಗೇ ಆಗ್ಲಿ ಬಿಡಿ," ಎಂದು ಬ್ಲೇಡನ್ನು ಒರೆಸಿ ಡಬ್ಬಿಗೆ ಹಾಕಿ ಹೊರಟಳು. ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವಳು ಹೋದ ಮೇಲೆ ನಾನು ಅಂಚು ಕತ್ತರಿಸಲು ಕೂತೆ. ಎರಡು ದಿನಕ್ಕೆ ಹೆಬ್ಬೆರಳಿಗೆ ಬೊಬ್ಬೆ ಬಂತು. ಕತ್ತರಿಸುತ್ತಾ ಕತ್ತರಿಸುತ್ತಾ ತಲೆ ಓಡಿತು. ಪಕ್ಕದವರಿಗೆ ರಸೀದಿ ಇದೆ, ರೇಟು ಸಿಕ್ಕಿತು. ನಮಗೆ ರಸೀದಿ ಇಲ್ಲ, ರೇಟು ಸಿಗಲಿಲ್ಲ. ದೇಶದ ರಬ್ಬರಿಗೂ ಫಾರಿನ್ನಿಗೂ ಈಗ ಬೆಲೆಯಲ್ಲಿ ಕೂದಲೆಳೆಯ ವ್ಯತ್ಯಾಸ. ಹಾಗಾದರೆ ನಾವೂ ಸುಂಕ ಬಿದ್ದಿರುವುದನ್ನೇ ಯಾಕೆ ಕೊಳ್ಳಬಾರದು?

ಇವರಿಗೆ ಹೇಳಿದೆ. ಬೆಂಕಿಯಾದರು. "ಫಾರಿನ್ ರಬ್ಬರ್ ಬರಬಾರದು ಅಂತ ಸುಂಕ ಹಾಕಿದಾರೆ. ಆ ಸುಂಕದ ದೆಸೆಯಿಂದ ನಾನು ಫಾರಿನ್ ತಗೋಬೇಕಾ? ಇದೇನು ನ್ಯಾಯ?"

"ನ್ಯಾಯ ನನಗೆ ಗೊತ್ತಿಲ್ಲ ರೀ. ರಸೀದಿ ಗೊತ್ತು."

ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದು, ಆಮೇಲೆ ಅಣ್ಣನ ಹತ್ತಿರ ಹೋಗಿ ಆ ರಬ್ಬರಿಗೆ ಪ್ರೆಸ್ಸಿನ ಶಾಖ ಎಷ್ಟಿಡಬೇಕು ಎಂದು ಕೇಳಿಕೊಂಡು ಬಂದರು. ಬದಲಾದ ರಬ್ಬರಿನ ಗ್ಯಾಸ್ಕೆಟ್ಟನ್ನು ಕಂಪನಿಯವರು ಕುಕ್ಕರಿಗೆ ಹಾಕಿ, ವಾರಗಟ್ಟಲೆ ಬೇಯಿಸಿ ಬೇಯಿಸಿ ನೋಡಿದ ಮೇಲೆಯೇ ಒಪ್ಪುವುದು. ಈ ನಡುವೆ ಆಯುಧಪೂಜೆ ಬಂತು. ಮಿಲ್ಲಿಗೆ, ಪ್ರೆಸ್ಸಿಗೆ ಕುಂಕುಮ ಇಟ್ಟು, ಅವಳ ಬ್ಲೇಡಿನ ಡಬ್ಬಿಗೂ ಒಂದು ಬೊಟ್ಟು ಇಟ್ಟೆ. ಪುರಿ, ಬೂದುಗುಂಬಳದ ಕೆಂಪು ನೀರು, ಎಲ್ಲಾ ಎಂದಿನ ಹಾಗೇ ಇತ್ತು. ನನಗೆ ಮಾತ್ರ ಏನೂ ರುಚಿಸಲಿಲ್ಲ.

ದೀಪಾವಳಿ ಮುಗಿದ ವಾರ ಕಂಪನಿಯಿಂದ ಒಪ್ಪಿಗೆ ಬಂತು, ರಸೀದಿ ಕೊಟ್ಟದ್ದಕ್ಕೆ ರೇಟೂ ಏರಿತು. ನಷ್ಟ ನಿಂತಿತು. ನಾನು ಅವತ್ತೇ ಸೀರೆ ಬದಲಿಸಿ ಅವಳನ್ನು ಕರೆಯಲು ದಾಸರಹಳ್ಳಿಗೆ ಹೋದೆ. ಮನೆಯವರೆಗೆ ಹೋಗಬೇಕಾಗಲಿಲ್ಲ. ದಾರಿಯಲ್ಲೇ ಪಾತ್ರೆ ಅಂಗಡಿಯ ಮುಂದೆ ನಿಂತಿದ್ದಳು, ಕೈಯಲ್ಲಿ ಒಂದು ಹೊಸ ಗ್ಯಾಸ್ಕೆಟ್. ಬೆರಳ ತುದಿಗಳು ಮತ್ತೆ ಊದಿನಕಡ್ಡಿ ಹೊಸೆದು ಕಪ್ಪಾಗಿದ್ದವು.

"ಇಲಿ ಕಡ್‌ದಾಕ್‌ಬಿಡ್ತು ಅಕ್ಕಾ," ಎಂದಳು ನನ್ನನ್ನು ನೋಡಿ. ನಮ್ಮ ಹತ್ತಿರ ಒಂದು ಕೇಳಬಹುದಿತ್ತು, ಕೇಳಿರಲಿಲ್ಲ.

ಅಂಗಡಿಯವನು ಹೇಳಿದ ಬೆಲೆ ಕೇಳಿ ನಾನೇ ಬೆಚ್ಚಿದೆ. "ಇಷ್ಟ್ಯಾಕಣ್ಣ?" ಎಂದೆ.

"ಬಜೆಟ್ ಆದ್ಮೇಲೆ ಕಂಪನಿಯೋರೇ ಏರ್ಸಿದ್ರು ಅಕ್ಕ. ರಬ್ಬರ್ ಮೇಲೆ ಸುಂಕ ಬಿದ್ದಿದೆಯಂತೆ."

ಅವಳು ಗ್ಯಾಸ್ಕೆಟ್ಟನ್ನು ತಿರುಗಿಸಿ ಒಳಬದಿ ತೋರಿಸಿದಳು. ನಮ್ಮ ಅಚ್ಚಿನ ಗುರುತು, ಸಾಸಿವೆಯಷ್ಟು ದೊಡ್ಡ ಚುಕ್ಕೆ. "ಇದು ನಮ್ದು. ನಾನು ಕತ್ತರಿಸಿರೋದು ಅಕ್ಕಾ, ಈ ಅಂಚು ನೋಡಿ. ಆಗ ನಮ್ ರಬ್ಬರ್‌ಗೆ ಸುಂಕ ಇಲ್ಲ ಅಂದ್ರಲ್ಲ ನೀವು?"

ಇಲ್ಲ ಅಂದಿದ್ದೆ. ಇರಲೂ ಇಲ್ಲ. ಹಳೆಯ ರೇಟಿಗೆ ನಾವು ಕೊಟ್ಟ ಮಾಲು ಅದು, ನಷ್ಟಕ್ಕೆ ಕೊಟ್ಟದ್ದು. ಎರಡು ಶೆಡ್ಡಿನ ಗ್ಯಾಸ್ಕೆಟ್ಟೂ ಒಂದೇ ಪ್ಯಾಕೆಟ್ಟಿಗೆ ಹೋಗುತ್ತದೆ, ಪ್ಯಾಕೆಟ್ಟಿಗೆ ಒಂದೇ ಬೆಲೆ. ಪಕ್ಕದವರ ಕಾಲು ಪಾಲಿನ ಸುಂಕ ತೋರಿಸಿ ಕಂಪನಿ ಎಲ್ಲದಕ್ಕೂ ಏರಿಸಿತ್ತು. ಇಷ್ಟೂ ನನಗೆ ಅಲ್ಲೇ ನಿಂತಲ್ಲೇ ಹೊಳೆಯಿತು. ನಾನು ಪರ್ಸು ತೆಗೆದೆ. "ಬ್ಯಾಡ ಅಕ್ಕಾ," ಎಂದು ಅವಳು ಸೆರಗಿನ ಗಂಟು ಬಿಚ್ಚಿ ತಾನೇ ಕೊಟ್ಟಳು.

"ಸೋಮವಾರದಿಂದ ಬಾ. ರೇಟು ಸಿಕ್ಕಿದೆ," ಎಂದೆ.

"ಬತ್ತೀನಿ. ಚೀಟಿ ಇನ್ನೂ ಐತಲ್ಲ," ಎಂದಳು.

ಸೋಮವಾರ ಬಂದಳು. ಡಬ್ಬಿಯಿಂದ ಬ್ಲೇಡ್ ತೆಗೆದು, ಡಬ್ಬಿಯ ಮೇಲಿನ ಒಣಗಿದ ಕುಂಕುಮವನ್ನು ನೋಡಿ, ನನ್ನನ್ನು ನೋಡಿ ಕೂತಳು. ಹೊಸ ರಬ್ಬರಿನ ಮೊದಲ ಗ್ಯಾಸ್ಕೆಟ್ಟನ್ನು ಮೂಸಿದಳು.

"ಇದ್ಯಾಕೋ ಬೇರೆ ವಾಸ್ನೆ."

"ಫಾರಿನ್ನಿಂದು."

"ಇದಕ್ಕೆ ಸುಂಕ ಐತಾ?"

"ಇದಕ್ಕೆ ಇದೆ."

"ಅಂಗಾದ್ರೆ ನಿಮಗೆ ಈಗ ಕಷ್ಟ ಅಲ್ವಾ ಅಕ್ಕಾ?"

"ಇಲ್ಲ ಕಣೇ. ಈಗಲೇ ನಮಗೆ ಆರಾಮು. ಕಂಪನಿಯವರು ಕೊಡ್ತಾರೆ."

ಅವಳು ಬ್ಲೇಡನ್ನು ಅಂಚಿಗೆ ಇಟ್ಟಳು. ತೆಳ್ಳನೆಯ ರಬ್ಬರು ಸುರುಳಿ ಸುರುಳಿಯಾಗಿ ಅವಳ ಮಡಿಲಿಗೆ ಬಿತ್ತು. ತಲೆ ಎತ್ತದೆ ಹೇಳಿದಳು.

"ಕಂಪನಿಯೋರೆಲ್ಲಿ ಕೊಟ್ರು ಅಕ್ಕಾ? ಮೊನ್ನೆ ಅಂಗಡೀಲಿ ನೀವೇ ನೋಡಿದ್ರಲ್ಲ, ನಾನ್ ಕೊಟ್ಟೆ."